ತವುಡಿಗೆ ಕೊಂಡ ಮಗನ ವಾರಸು ಪತ್ರ

ನಾನು ಹುಟ್ಟಿದ ಹನ್ನೊಂದನೆಯ ದಿನ ನಮ್ಮಮ್ಮ ನನ್ನನ್ನು ಮಾರಿಬಿಟ್ಟಳು. ಬೆಲೆ ಒಂದು ಮೊರ ತವುಡು. ಈಗಿನವರಿಗೆ ಇದನ್ನು ಹೇಳಿದರೆ ಕಣ್ಣು ಅಗಲಿಸುತ್ತಾರೆ. ಆಗ ನಮ್ಮ ಸಖರಾಯಪಟ್ಟಣದಲ್ಲಿ ಯಾರೂ ತಿರುಗಿ ಕೂಡ ನೋಡುತ್ತಿರಲಿಲ್ಲ. ನನಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ವರ್ಷ ತುಂಬುವುದರೊಳಗೇ ಹೋಗಿದ್ದವು. ಹಾಗೆ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಮನೆಯ ಹೆಂಗಸಿನ ಕೈಗೆ ಕೊಡುವುದು, ಆಕೆ ಬದಲಿಗೆ ತವುಡು ಕೊಟ್ಟು ಕೊಂಡುಕೊಳ್ಳುವುದು ರೂಢಿ. ಅಲ್ಲಿಂದ ಮುಂದೆ ಕೂಸು ಕೊಂಡವಳದು. ಹೆತ್ತವಳು ಬೇರೆಯವರ ಮಗುವನ್ನು ನೋಡಿಕೊಳ್ಳುವವಳ ಹಾಗೆ ಹಾಲು ಕುಡಿಸಿ ಬೆಳೆಸಬೇಕು. ಸಾವು ಈ ಮನೆಯ ಮಗುವನ್ನು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಮಗುವೇ ಇರುವುದಿಲ್ಲ. ಅದು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗಬೇಕು.

ಈ ವ್ಯಾಪಾರಕ್ಕೆ ಒಂದೇ ಕಟ್ಟಳೆ. ಕೊಂಡವಳು ಯಾರು ಕೇಳಿದರೂ ‘ನನ್ನ ಮಗ’ ಅನ್ನಬೇಕು. ತಮಾಷೆಗೂ ‘ಅಲ್ಲ’ ಅನ್ನಬಾರದು. ಅಂದ ಗಳಿಗೆಗೆ ಸಾವಿಗೆ ಗುಟ್ಟು ತಿಳಿಯುತ್ತದೆ.

ನನ್ನನ್ನು ಕೊಂಡವಳು ಪಕ್ಕದ ಮನೆಯ ಹೆಂಗಸು. ಮಕ್ಕಳಿರಲಿಲ್ಲ, ಗಂಡ ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಹೆತ್ತವಳನ್ನು ನಾನು ಅಮ್ಮ ಅನ್ನುತ್ತಿದ್ದೆ, ಕೊಂಡವಳನ್ನು ಅವ್ವ ಅನ್ನುತ್ತಿದ್ದೆ. ಅವ್ವನ ಗಂಟಲು ಕೆರೆ ಏರಿಯ ಆಚೆಗೂ ಕೇಳಿಸುತ್ತಿತ್ತು. ಸೊಂಟದಲ್ಲಿ ನಶ್ಯದ ಡಬ್ಬಿ, ತಲೆಯಲ್ಲಿ ಊರಿನ ಎಲ್ಲರ ಸಂಬಂಧಗಳು. ನಾನು ಮಲಗುತ್ತಿದ್ದದ್ದು ನಮ್ಮ ಮನೆಯಲ್ಲಿ, ಮುನಿಸಿಕೊಂಡು ಓಡುತ್ತಿದ್ದದ್ದು ಅವಳ ಮನೆಗೆ. ಅಮ್ಮ ಹೊಡೆಯಲು ಕೈ ಎತ್ತಿದರೆ ಗೋಡೆಯ ಆ ಕಡೆಯಿಂದ ‘ಯಾರ ಮಗನ ಮೇಲೆ ಕೈ ಮಾಡ್ತಿದೀಯೇ?’ ಎಂದು ಕೂಗು ಬರುತ್ತಿತ್ತು. ಅಮ್ಮ ಕೈ ಇಳಿಸಿ, ‘ಹೋಗು ಮಾರಾಯ, ನಿಮ್ಮವ್ವನ ಹತ್ರವೇ ಹೋಗಿ ಸಾಯಿ’ ಅನ್ನುವಳು. ಹಾಗೆಂದ ಮೇಲೆ ತುಟಿ ಕಚ್ಚಿಕೊಂಡು ಮೂರು ಸಲ ಉಗುಳುವಳು. ಆ ಒಂದು ಮೊರ ತವುಡನ್ನು ನಮ್ಮ ಎಮ್ಮೆ ಒಂದೇ ದಿನಕ್ಕೆ ತಿಂದು ಮುಗಿಸಿತಂತೆ. ನನ್ನ ಬೆಲೆ ಅಷ್ಟಕ್ಕೆ ತೀರಿತು ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಅಪ್ಪ ಅಜ್ಜಂಪುರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ಅಲ್ಲೊಂದು ಕೋಣೆ ಹಿಡಿದು ಇರುತ್ತಿದ್ದರು. ರಜೆಗೆ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಊರಿಗೆ ಬರುವರು. ಓದುವ ವಯಸ್ಸಿನಲ್ಲಿ ನಾಲ್ಕು ವರ್ಷ ನಾನೂ ಅವರ ಜೊತೆ ಇದ್ದು ಅವರ ಶಾಲೆಯಲ್ಲೇ ಓದಿದೆ. ಬೇರೆ ಹುಡುಗರಿಗೆ ಒಂದು ಏಟು ಬಿದ್ದರೆ ನನಗೆ ಎರಡು ಬೀಳುತ್ತಿತ್ತು. ಮೇಷ್ಟ್ರ ಮಗನಾಗಿದ್ದಕ್ಕೆ ನನಗೆ ಸಿಕ್ಕಿದ ಲಾಭ ಅದೊಂದೇ.

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಅಪ್ಪ ಜ್ವರದಲ್ಲಿ ಅಜ್ಜಂಪುರದಲ್ಲೇ ತೀರಿಕೊಂಡರು. ನಾವು ಹೋಗಿ ಸೇರುವ ಹೊತ್ತಿಗೆ ಮಾತು ನಿಂತಿತ್ತು. ಅಲ್ಲೇ ಮಣ್ಣು ಮಾಡಿದೆವು. ಆ ಗಡಿಬಿಡಿಯಲ್ಲೂ ಅಪ್ಪನ ಜೊತೆಯ ಮೇಷ್ಟ್ರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಅಳೋದು ಆಮೇಲೆ ಇದ್ದೇ ಇದೆ, ಮೊದಲು ಪಟೇಲರ ಪುಸ್ತಕದಲ್ಲಿ ಸಾವು ಬರೆಸು’ ಅಂದರು. ನನಗೆ ಅವರ ಮೇಲೆ ಕೋಪ ಬಂತು. ಆದರೂ ಬರೆಸಿದೆ. ಎಲ್ಲದಕ್ಕೂ ಅದೇ ಬುಡವೆಂದು ತಿಂಗಳ ಮೇಲೆ ತಿಳಿಯಿತು.

ತಿಥಿ ಮುಗಿದ ಮೇಲೆ ನಮ್ಮೂರಿನ ಶಾನುಭೋಗರು ಜಗಲಿಗೆ ಬಂದು ಕೂತು ವಿವರಿಸಿದರು. ಅಪ್ಪನ ಹೆಸರಲ್ಲಿ ಒಂದು ತೆಂಗಿನ ತೋಟ, ಎರಡು ತುಂಡು ಹೊಲ ಇತ್ತು. ಸತ್ತವರ ಹೆಸರಿನಿಂದ ಅವನ್ನು ಬದುಕಿರುವವರ ಹೆಸರಿಗೆ ತರುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಲ್ಲದೆ ಶಾಲೆಯ ಇಲಾಖೆಯಿಂದ ಅಪ್ಪನ ಕೊನೆಯ ತಿಂಗಳ ಸಂಬಳ ಬರಬೇಕು, ಸರ್ಕಾರದ ವಿಮೆ ಬರಬೇಕು. ಯಾವ ಬಾಗಿಲಿಗೆ ಹೋದರೂ ಒಂದೇ ಪ್ರಶ್ನೆ: ಸತ್ತವರಿಗೆ ಯಾರು ಇದ್ದಾರೆ? ಅದಕ್ಕೆ ತಾಲ್ಲೂಕಿನ ಅಮಲ್ದಾರರ ರುಜು, ಮೊಹರು ಇರುವ ವಾರಸು ಸರ್ಟಿಫಿಕೇಟು ಒಂದೇ ಉತ್ತರ.

‘ಊರಿಗೆಲ್ಲ ಗೊತ್ತಲ್ಲ ಸ್ವಾಮಿ, ನಾವಿಬ್ಬರೇ ಅಂತ’ ಅಂದೆ.

‘ಊರಿಗೆ ಗೊತ್ತು ಕಣಯ್ಯ. ಕಾಗದಕ್ಕೆ ಗೊತ್ತಿಲ್ವಲ್ಲ’ ಅಂದರು ಶಾನುಭೋಗರು.

ಮೊದಲು ತರೀಕೆರೆಗೆ ಹೋದೆ. ಅಜ್ಜಂಪುರದ ಸಾವಿನ ಪುಸ್ತಕ ಆ ಹೊತ್ತಿಗೆ ಅಲ್ಲಿನ ತಾಲ್ಲೂಕು ಕಚೇರಿ ಸೇರಿತ್ತು. ಎರಡು ದಿನ ಅಲ್ಲಿನ ಛತ್ರದಲ್ಲಿ ಉಳಿದು, ಗುಮಾಸ್ತರ ಮುಂದೆ ಕೈ ಕಟ್ಟಿ ನಿಂತು, ಅಪ್ಪನ ಸಾವಿನ ನಕಲು ತೆಗೆಸಿದೆ. ಅದರಲ್ಲಿ ಅಪ್ಪ ಒಂದೇ ಸಾಲು. ಹೆಸರು, ವಯಸ್ಸು, ಜ್ವರ. ಆ ಸಾಲನ್ನು ಓದಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ, ಮೊದಲ ಸಲ ಸರಿಯಾಗಿ ಅತ್ತದ್ದು ಅಲ್ಲೇ.

ನಮ್ಮ ಮನೆ, ಜಮೀನು ಇರುವುದು ಕಡೂರು ತಾಲ್ಲೂಕಿನಲ್ಲಿ. ಆದ್ದರಿಂದ ಅರ್ಜಿ ಕಡೂರಿನ ಅಮಲ್ದಾರರಿಗೆ. ಸ್ಟಾಂಪು ಹಚ್ಚಿ, ಸಾವಿನ ನಕಲು ಲಗತ್ತಿಸಿ ಕೊಟ್ಟು ಬಂದೆ. ಅದು ಅಮಲ್ದಾರರಿಂದ ಇಳಿದು ಹೋಬಳಿಯ ಶೇಕದಾರರಿಗೆ ಬಂತು, ಶೇಕದಾರರಿಂದ ನಮ್ಮ ಶಾನುಭೋಗರಿಗೂ ಪಟೇಲರಿಗೂ ಬಂತು. ಶಾನುಭೋಗರು ವಂಶವೃಕ್ಷ ಬರೆದರು. ಅಜ್ಜ, ಅವರ ಕೆಳಗೆ ಅಪ್ಪ, ಪಕ್ಕದಲ್ಲಿ ಅಮ್ಮ, ಕೆಳಗೆ ಸತ್ತ ಮೂರು ಮಕ್ಕಳು, ನಾಲ್ಕನೆಯವನಾಗಿ ನಾನು. ಸತ್ತವರನ್ನೂ ಯಾಕೆ ಬರೆಯುತ್ತೀರಿ ಎಂದು ಕೇಳಿದೆ. ಬಿಟ್ಟರೆ ಮುಚ್ಚಿಟ್ಟ ಹಾಗಾಗುತ್ತದೆ, ಯಾರಿಗೂ ಸಂತಾನವಿರಲಿಲ್ಲ ಎಂದು ಎದುರಿಗೆ ಬರೆಯಬೇಕು ಅಂದರು. ಅಮ್ಮ ಒಳಗಿನಿಂದಲೇ ಆ ಮೂವರ ಹೆಸರುಗಳನ್ನು ಒಂದೂ ತಡವರಿಸದೆ ಹೇಳಿದಳು. ನನಗೆ ಅವು ಗೊತ್ತಿರಲೇ ಇಲ್ಲ.

ಆಮೇಲೆ ಮಹಜರು. ಅಂದರೆ ಊರಿನ ಐದು ಜನ ಪಂಚರ ಮುಂದೆ, ನೆರೆಹೊರೆಯವರನ್ನು ಕೇಳಿ, ವಂಶವೃಕ್ಷ ಸರಿಯೋ ತಪ್ಪೋ ಎಂದು ಬರೆದು ರುಜು ಹಾಕಿಸುವುದು. ನಮ್ಮ ಜಗಲಿಯಲ್ಲೇ ನಡೆಯಿತು. ಶೇಕದಾರರು ಹೊಸಬರು, ಮೈಸೂರು ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಪಂಚರೆಲ್ಲ ನಾವು ಹೇಳಿದ್ದನ್ನೇ ಹೇಳಿದರು. ಹತ್ತಿರದ ಮನೆಯ ಹಿರಿಯರು ಯಾರು ಎಂದು ಶೇಕದಾರರು ಕೇಳಿದರು. ಎಲ್ಲರೂ ಅವ್ವನ ಕಡೆ ನೋಡಿದರು.

‘ಈ ಹುಡುಗ ಯಾರ ಮಗನಮ್ಮಾ?’

‘ನನ್ನ ಮಗ’ ಅಂದಳು ಅವ್ವ. ‘ಹನ್ನೊಂದು ದಿನದ ಕೂಸು. ಇವರಮ್ಮ ಮೊರದಲ್ಲಿ ಹಾಕ್ಕೊಟ್ಳು. ತವುಡು ಕೊಟ್ಟು ತಗೊಂಡಿದೀನಿ. ಇದೇ ಪಟೇಲಪ್ಪನ ಮುಂದೇನೇ.’

ಜಗಲಿ ಪೂರ್ತಿ ನಕ್ಕಿತು. ಪಟೇಲರು, ‘ಹೌದೌದು, ಒಳ್ಳೇ ತವುಡು ಕಣ್ರೀ, ಕಲ್ಲಿರಲಿಲ್ಲ’ ಅಂದರು. ನಾನೂ ನಕ್ಕೆ. ಶೇಕದಾರರು ಮಾತ್ರ ನಗಲಿಲ್ಲ, ತಲೆ ಬಗ್ಗಿಸಿ ಬರೆದುಕೊಂಡರು. ನಗುತ್ತಲೇ ಐದು ಜನವೂ ರುಜು ಹಾಕಿದರು. ಏನು ಬರೆದಿದೆ ಎಂದು ಒಬ್ಬರೂ ಓದಲಿಲ್ಲ. ಅವ್ವನ ಹೆಬ್ಬೆಟ್ಟು ಬಿತ್ತು. ನಾನು ಮೇಷ್ಟ್ರ ಮಗ, ನಾಲ್ಕಕ್ಷರ ಓದಿದವನು, ನಾನಾದರೂ ಓದಬೇಡವೇ? ನಾನು ಶೇಕದಾರರಿಗೆ ಎಳನೀರು ಕೆತ್ತುವುದರಲ್ಲಿದ್ದೆ.

ಆಮೇಲೆ ಚಾವಡಿಯ ಗೋಡೆಗೆ ನೋಟೀಸು ಅಂಟಿಸಿ, ತಮಟೆ ಹೊಡೆಸಿ ಸಾರಿದರು. ಇಂಥವರ ವಾರಸುದಾರರು ಇಂಥವರು, ಯಾರಿಗಾದರೂ ತಕರಾರಿದ್ದರೆ ಮೂವತ್ತು ದಿನದೊಳಗೆ ಹೇಳಬೇಕು ಎಂದು. ಯಾರೂ ಹೇಳಲಿಲ್ಲ. ಮೂವತ್ತೊಂದನೆಯ ದಿನದಿಂದ ನಾನು ಸರ್ಟಿಫಿಕೇಟಿಗೆ ದಾರಿ ಕಾದೆ. ಬಂದದ್ದು ಕಡೂರಿನಿಂದ ಒಂದು ಹಿಂಬರಹ. ಅರ್ಜಿದಾರನನ್ನು ಕೂಸಾಗಿರುವಾಗಲೇ ಬೇರೆ ಮನೆಗೆ ಕೊಟ್ಟಿರುವುದು ಮಹಜರಿನಲ್ಲಿ ಕಂಡುಬರುವುದರಿಂದ, ದತ್ತು ಹೋದ ಮಗನಿಗೆ ಹೆತ್ತ ಮನೆಯ ವಾರಸು ಇಲ್ಲದ್ದರಿಂದ, ದಾಖಲೆ ಸಮೇತ ಆ ಹೆಂಗಸನ್ನೂ ಕರೆದುಕೊಂಡು ಹಾಜರಾಗತಕ್ಕದ್ದು.

ಅದನ್ನು ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೀದಾ ಶಾನುಭೋಗರ ಮನೆಗೆ ಹೋಗಿ ಕೂಗಾಡಿದೆ. ಅವರು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಹೇಳಿದರು: ‘ಕೂಗಾಡ್ಬೇಡ, ಕೇಳು. ನೀನು ದತ್ತು ಹೋದೋನು ಅಂತ ಆದ್ರೆ ನಿಮ್ಮಪ್ಪನ ಹಿಂದೆ ನಿಮ್ಮಮ್ಮ ಒಬ್ಳೇ. ಅವಳ ಕಾಲ ಇರೋವರ್ಗೂ ತೋಟ ಅವಳ ಕೈಲಿರುತ್ತೆ. ಅವಳು ಮಾರೋ ಹಾಗಿಲ್ಲ, ನಿನಗೆ ಬರೆದುಕೊಡೋ ಹಾಗೂ ಇಲ್ಲ. ಆಮೇಲೆ ನಿಮ್ಮಪ್ಪನ ದಾಯಾದಿಗಳಿಗೆ ಹೋಗುತ್ತೆ. ನಿನ್ನ ವಾರಸು ಏನಿದ್ರೂ ನಿಮ್ಮವ್ವನ ಮನೆ ಕಡೆಗೆ.’

ತೋಟ ಹೋಗುತ್ತದೆಂಬ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಅಪ್ಪ ಸತ್ತ ಮೂರು ತಿಂಗಳಿಗೆ ಅಪ್ಪನ ಮಗನಲ್ಲ ಎನ್ನಿಸಿಕೊಳ್ಳುವುದನ್ನು ನನ್ನಿಂದ ತಡೆಯಲಾಗಲಿಲ್ಲ. ಅದೇ ಬಿಸಿಯಲ್ಲಿ ಮನೆಗೆ ಬಂದು ಹೇಳಿದೆ: ‘ಹಾಜರಾಗೋ ದಿನ ಅವ್ವ ಕಡೂರಿಗೆ ಬರ್ಲಿ. ಅಮಲ್ದಾರರ ಮುಂದೆ, ಇವನು ನನ್ನ ಮಗ ಅಲ್ಲ ಅಂತ ಒಂದು ಮಾತು ಹೇಳ್ಲಿ. ಮುಗೀತು.’

ಅಮ್ಮ ಒಲೆಯ ಮುಂದಿನಿಂದ ಎದ್ದಳು. ಅಪ್ಪ ಹೋದಾಗಲೂ ಅವಳ ಮುಖವನ್ನು ನಾನು ಹಾಗೆ ನೋಡಿರಲಿಲ್ಲ.

‘ಬೇಡ.’

‘ಏನು ಬೇಡ?’

‘ಸರ್ಟಿಫಿಕೇಟೂ ಬೇಡ, ತೋಟಾನೂ ಬೇಡ. ಹಾಳಾಗಿ ಹೋಗ್ಲಿ. ಅವಳ ಬಾಯಲ್ಲಿ ಆ ಮಾತು ಆಡಿಸ್ಬೇಡ ಕಣೋ. ಮೂರು ಮಕ್ಕಳನ್ನ ಮಣ್ಣಿಗೆ ಕೊಟ್ಟೋಳು ನಾನು. ನಿನಗೇನು ಗೊತ್ತು?’

ನಾನು ಅಪ್ಪನಿಂದ ಕಲಿತ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಇದೆಲ್ಲ ಮೂಢನಂಬಿಕೆ ಅಂದೆ, ಇಪ್ಪತ್ತೆರಡು ವರ್ಷದ ಗಂಡಸನ್ನು ಸಾವು ತವುಡಿನ ಲೆಕ್ಕ ಕೇಳುತ್ತಾ ಅಂದೆ. ಅಮ್ಮ ಅಳುತ್ತಾ ಕೂತಳು. ಗೋಡೆಯ ಆ ಕಡೆ ಎಲ್ಲವೂ ಕೇಳಿಸಿರಬೇಕು. ಆ ಕಡೆಯಿಂದ ಆವತ್ತು ಒಂದು ಕೂಗೂ ಬರಲಿಲ್ಲ.

ಮಾರನೆಯ ದಿನ ನಾನು ಅಜ್ಜಂಪುರಕ್ಕೆ ಹೋಗಿ ಶಾಲೆಯ ದಾಖಲಾತಿ ಪುಸ್ತಕದ ನಕಲು ತಂದೆ. ನನ್ನನ್ನು ಶಾಲೆಗೆ ಸೇರಿಸಿದ ದಿನ ಅಪ್ಪನೇ ತಮ್ಮ ಕೈಯಾರೆ ಬರೆದದ್ದು. ತಂದೆಯ ಹೆಸರು ಎನ್ನುವ ಕಡೆ ಅವರ ದುಂಡು ಅಕ್ಷರ. ವೃತ್ತಿ ಎನ್ನುವ ಕಡೆ ‘ಈ ಶಾಲೆಯ ಉಪಾಧ್ಯಾಯ’. ಜೊತೆಯ ಮೇಷ್ಟ್ರು ನಕಲು ಬರೆದು ರುಜು ಹಾಕಿ ಕೊಡುತ್ತಾ, ‘ನಿನಗೆ ಹೊಡೆದ ದಿನ ನಿಮ್ಮಪ್ಪ ನಮ್ಮ ಜೊತೆ ಕೂತು ಬುತ್ತಿ ಬಿಚ್ತಿರಲಿಲ್ಲ, ಗೊತ್ತಾ?’ ಅಂದರು. ಗೊತ್ತಿರಲಿಲ್ಲ. ಎರಡೆರಡು ಏಟು ತಿಂದವನಿಗೆ ಯಾರೂ ಅದನ್ನು ಹೇಳಿರಲಿಲ್ಲ.

ಹಾಜರಾಗುವ ದಿನ ಬೆಳಗ್ಗೆ ಅವ್ವ ನಮಗಿಂತ ಮುಂಚೆ ಎದ್ದು, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಗಾಡಿಯ ಹತ್ತಿರ ನಿಂತಿದ್ದಳು. ಅಮ್ಮ ಅವಳ ಕೈ ಹಿಡಿದುಕೊಂಡು, ‘ಅಕ್ಕಾ, ಹೇಳಬೇಡ ಕಣೇ’ ಅಂದಳು. ಅವ್ವ, ‘ಸುಮ್ನೆ ಗಾಡಿ ಹತ್ತೇ. ನಂಗೊತ್ತು’ ಅಂದಳು. ಕಡೂರಿನವರೆಗೂ ಇಬ್ಬರೂ ಕೈ ಬಿಡಲಿಲ್ಲ. ನಾನು ಮುಂದುಗಡೆ ಕೂತು ಎತ್ತುಗಳನ್ನು ಬೈದುಕೊಂಡು ಹೋದೆ. ಅವು ಪಾಪ ಸರಿಯಾಗಿಯೇ ನಡೆಯುತ್ತಿದ್ದವು.

ಅಮಲ್ದಾರರು ವಯಸ್ಸಾದವರು. ರುಮಾಲು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಶಾಲೆಯ ನಕಲನ್ನು ಎರಡು ಸಲ ಓದಿದರು. ಆಮೇಲೆ ಅವ್ವನನ್ನು ಮುಂದಕ್ಕೆ ಕರೆದರು. ಅವಳು ಹೇಳದಿದ್ದರೆ ನಾನು ಅಪ್ಪನ ಮಗನಲ್ಲ. ಹೇಳಿದರೆ ಅಮ್ಮ ಇನ್ನು ಒಂದು ದಿನವೂ ನೆಮ್ಮದಿಯಾಗಿ ಇರುವುದಿಲ್ಲ.

‘ಇವನು ನಿನ್ನ ಮಗನೇನಮ್ಮಾ?’

‘ಹೂಂ ಬುದ್ಧಿ, ನನ್ನ ಮಗ.’

ಗುಮಾಸ್ತರು ಲೇಖನಿ ಎತ್ತಿದರು. ಅಮಲ್ದಾರರು ಕೈ ಅಡ್ಡ ಹಿಡಿದರು.

‘ಹೆತ್ತೋರು ಯಾರು?’

‘ಹೆತ್ತಿದ್ದು ಇವಳು. ಇವರಪ್ಪ ಮೇಷ್ಟ್ರು.’

‘ಇವನನ್ನ ತಗೊಂಡಾಗ ನಿನ್ನ ಗಂಡ ಇದ್ದನೇ? ದತ್ತು ತಗೋ ಅಂತ ಅವನೇನಾದ್ರೂ ಹೇಳಿದ್ದನೇ?’

‘ಇಲ್ಲ ಬುದ್ಧಿ. ಅವರು ಹೋಗಿ ಆಗ್ಲೇ ಮೂರು ವರ್ಷ. ಯಾರೂ ಏನೂ ಹೇಳಿರಲಿಲ್ಲ.’

‘ನಿನ್ನ ಗಂಡನ ಕಡೆಯೋರು ಕೂತು ಒಪ್ಪಿದ್ರೇ? ಈ ಹುಡುಗ ನಿನ್ನ ಗಂಡನಿಗೆ ಎಡೆ ಇಡ್ತಾನೇ?’

‘ಅದೆಲ್ಲ ನಮ್ಮ ಭಾವನ ಮಗ ಮಾಡ್ತಾನೆ. ಇವನು ಅವರಪ್ಪನಿಗೇ ಮಣ್ಣು ಹಾಕಿದ್ದು, ತಿಥಿ ಮಾಡಿದ್ದು.’

‘ಹಾಗಾದ್ರೆ ದತ್ತು ತಗೊಂಡಿದ್ದಲ್ಲ?’

ಅವ್ವ ತಿರುಗಿ ನೋಡಿದಳು. ಅಮ್ಮ ಬಾಗಿಲ ಹತ್ತಿರ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

‘ದತ್ತು ಅಂದ್ರೆ ಮನೆ ಉಳಿಸ್ಕೊಳ್ಳೋಕೆ ಮಗೂನ ತಗೊಳ್ಳೋದು ಬುದ್ಧಿ. ನಾನು ಮಗೂನ ಉಳಿಸ್ಕೊಳ್ಳೋಕೆ ತಗೊಂಡೆ. ಮೇಷ್ಟ್ರ ಆಸ್ತಿಗೆಲ್ಲ ಅವನೇ. ನಂದೇನಿಲ್ಲ. ಆದ್ರೆ ಮಗ ನಂದು.’

ಅಮಲ್ದಾರರು ಶಾಲೆಯ ನಕಲನ್ನು ಕಡತದೊಳಗಿಟ್ಟರು. ಆಮೇಲೆ ಗುಮಾಸ್ತರಿಗೆ ಹೇಳಿ ಬರೆಸಿದರು: ಮಕ್ಕಳು ನಿಲ್ಲದ ಕಾರಣ ಊರ ರೂಢಿಯಂತೆ ತವುಡು ಕೊಟ್ಟು ಪಡೆದದ್ದು ಮಾತ್ರ, ದತ್ತಕವಲ್ಲ, ಅರ್ಜಿದಾರನು ಮೃತರ ಔರಸ ಪುತ್ರನೆಂದು ಹೇಳಿಕೆಯಿಂದಲೂ ಶಾಲಾ ದಾಖಲೆಯಿಂದಲೂ ಸಿದ್ಧಪಟ್ಟಿದೆ. ನನ್ನ ಕಡೆ ತಿರುಗಿ, ‘ಈ ಕಾಗದ ಯಾರು ಇದ್ದಾರೆ ಅಂತ ಮಾತ್ರ ಹೇಳುತ್ತೆ. ಯಾರದು ಎಷ್ಟು ಅಂತ ಹೇಳೋದಿಲ್ಲ. ಅದಕ್ಕೆ ಜಗಳ ಬಂದ್ರೆ ಮುನಸೀಫ್ ಕೋರ್ಟಿದೆ’ ಅಂದರು. ಆಮೇಲೆ ದನಿ ತಗ್ಗಿಸಿ, ‘ನನ್ನನ್ನೂ ಹೀಗೇ ಮಾರಿದ್ರಯ್ಯ. ನನಗೆ ಸಿಕ್ಕಿದ್ದು ಬರೀ ರಾಗಿ ಹೊಟ್ಟು’ ಅಂದರು. ಅವ್ವ ಕಚೇರಿ ಹಾರಿಹೋಗುವ ಹಾಗೆ ನಕ್ಕಳು.

ಹತ್ತು ದಿನಕ್ಕೆ ಸರ್ಟಿಫಿಕೇಟು ಬಂತು. ಹೆಂಡತಿ, ಮಗ, ಎರಡೇ ಸಾಲು. ಅದರ ಒಂದು ನಕಲು ಇಲಾಖೆಗೆ, ಒಂದು ವಿಮೆಗೆ, ಒಂದು ಪೌತಿ ಖಾತೆಗೆ ಹೋಯಿತು. ತೋಟದ ಕಂದಾಯ ನನ್ನ ಹೆಸರಲ್ಲಿ ಶುರುವಾಯಿತು. ಅವ್ವ ಕಾಗದವನ್ನು ಓದಿಸಿ ಕೇಳಿ, ತಿರುಗಿಸಿ ಮುರುಗಿಸಿ ನೋಡಿ, ‘ಇಷ್ಟಕ್ಕೆ ಅಷ್ಟು ಓಡಾಡಿದ್ಯಾ?’ ಅಂದಳು.

ಆಮೇಲೆ ಹದಿನೆಂಟು ವರ್ಷ ಅವ್ವ ಬದುಕಿದ್ದಳು. ನನ್ನ ಮದುವೆಯಲ್ಲಿ ಅಮ್ಮನಿಗಿಂತ ಮುಂದೆ ಅವಳೇ ನಿಂತಳು, ನನ್ನ ಮಕ್ಕಳನ್ನು ಅಟ್ಟಾಡಿಸಿದಳು. ಕೊನೆಗೆ ನಮ್ಮ ಜಗಲಿಯ ಮೇಲೇ, ನನ್ನ ಕೈಯಿಂದ ಗಂಜಿ ಕುಡಿದು, ಮಾರನೆಯ ದಿನ ಹೋದಳು. ಅವಳ ಭಾವನ ಮಗ ದೇವನೂರಿನಿಂದ ಬಂದು ಮಾಡಬೇಕಾದದ್ದನ್ನೆಲ್ಲ ಮಾಡಿದ. ಒಳ್ಳೆಯ ಮನುಷ್ಯ. ಮಣ್ಣು ಹಾಕುವಾಗ, ‘ನೀವೂ ಹಾಕಿ’ ಎಂದು ನನ್ನನ್ನು ಪಕ್ಕಕ್ಕೆ ಕರೆದುಕೊಂಡ.

ಅವ್ವನ ಮನೆ ಅವಳ ಗಂಡನದು, ಇನ್ನು ಅವನಿಗೆ ಸೇರಬೇಕು. ಅವನೂ ಅರ್ಜಿ ಹಾಕಿದ. ಮಹಜರು ಅವಳ ಜಗಲಿಯಲ್ಲೇ ನಡೆಯಿತು. ಹಳೆಯ ಶಾನುಭೋಗರ ಮಗ ವಂಶವೃಕ್ಷ ಬರೆದ. ಅವಳ ಗಂಡನ ಹೆಸರು, ಪಕ್ಕದಲ್ಲಿ ಅವಳ ಹೆಸರು. ಅದರ ಕೆಳಗೆ ಒಂದು ಗೆರೆ ಎಳೆದು ‘ಸಂತಾನ ಇಲ್ಲ’ ಎಂದು ಬರೆದ. ಹತ್ತಿರದ ಮನೆಯ ಹಿರಿಯ ಎಂದು ಕಾಗದವನ್ನು ಮೊದಲು ನನ್ನ ಕೈಗೆ ಕೊಟ್ಟರು. ಈ ಸಲ ನಾನು ಓದಿದೆ. ಮತ್ತೆ ಮತ್ತೆ ಓದಿದೆ. ನಾನು ತಡ ಮಾಡಿದ್ದನ್ನು ನೋಡಿ ಆ ಭಾವನ ಮಗ ಅಂಜಿಕೊಂಡು, ‘ಏನಾದ್ರೂ ತಪ್ಪಿದೆಯಾ ಯಜಮಾನ್ರೇ?’ ಅಂದ. ನಾನು ಒಂದು ಮಾತು ಆಡಿದರೆ ಅವನ ಕಾಗದ ಕಡೂರಿನಲ್ಲಿ ನಿಲ್ಲುತ್ತಿತ್ತು. ಆ ಓಡಾಟದ ಅವಸ್ಥೆ ನನಗೆ ಗೊತ್ತಿತ್ತು.

‘ಇಲ್ಲಪ್ಪ, ಸರಿಯಾಗಿದೆ’ ಎಂದು ರುಜು ಹಾಕಿದೆ.

ಮನೆಗೆ ಬಂದಾಗ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಆ ಹೊತ್ತಿಗೆ ಅವಳಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚೆನ್ನಾಗಿತ್ತು.

‘ಏನಂತ ಬರೆದ್ರೋ, ಅವಳಿಗೆ ಯಾರಿದಾರೆ ಅಂತ?’

‘ಒಬ್ಬ ಮಗ ಅಂತ ಬರೆದ್ರಮ್ಮ.’

ಅಮ್ಮ ಉಸಿರು ಬಿಟ್ಟು, ತಡವರಿಸುತ್ತಾ ನನ್ನ ತಲೆಯ ಮೇಲೆ ಕೈ ಇಟ್ಟಳು. ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.